ಟಿಕೆಟ್ಟಿನ ಮೇಲೆ ಬರೆದ ಗಂಟೆ

ಕೊಡಗಿನ ಎಸ್ಟೇಟಿನಲ್ಲಿ ಕಾಫಿ ಕೊಯ್ದವರ ಚೀಲ ಅದೇ ಸಂಜೆ ತಕ್ಕಡಿಗೆ ಏರುತ್ತದೆ. ಎಷ್ಟು ಕೆಜಿ ಎಂದು ರೈಟರ್ ಅಲ್ಲೇ ಬರೆದುಕೊಳ್ಳುತ್ತಾರೆ, ಕೊಯ್ದವರೂ ಪಕ್ಕದಲ್ಲೇ ನಿಂತಿರುತ್ತಾರೆ. ಮಡಿಕೇರಿಯಲ್ಲಿ ಕೂತು ಗಂಟೆ ಲೆಕ್ಕದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಾವು ಮಾತ್ರ ತೂಕವನ್ನು ತಿಂಗಳ ಕೊನೆಗೆ ಮುಂದೂಡಿದ್ದೆವು. ಆ ಪದ್ಧತಿ ತಪ್ಪು ಎಂದು ನನಗೆ ಮನದಟ್ಟಾದದ್ದು ಒಂದು ಜುಲೈ ತಿಂಗಳ ಬಿಲ್ ತಯಾರಿಸುವಾಗ.

ನಾವು ಬಳಸುವುದು ರೆಡ್‌ಮೈನ್. ಅದರ ಪ್ರತಿ ನಮೂದಿನಲ್ಲೂ ಎರಡು ತಾರೀಖು ಇರುತ್ತವೆ: ಕೆಲಸ ಮಾಡಿದ ದಿನ `spent_on`, ನಮೂದು ಬರೆದ ದಿನ `created_on`. ಇವೆರಡರ ನಡುವೆ ಅಂತರ ಹೆಚ್ಚಿದ್ದರೆ ಆ ಗಂಟೆ ನೆನಪಿನಿಂದ ಬಂದದ್ದು. ನಾನು ಮೊದಲು ನೋಡುವುದು ಅದನ್ನೇ.

ಆ ತಿಂಗಳು ಪಾವತಿ ಪುಟದ ಟಿಕೆಟ್ಟಿನಲ್ಲಿ 14 ಗಂಟೆ 40 ನಿಮಿಷ ಎಂಬ ಒಂದೇ ನಮೂದಿತ್ತು. ಆ ಕೆಲಸ ಮಾಡಿದವರು ಸಂಜೆ 6.20ಕ್ಕೆ ಟೈಮರ್ ಒತ್ತಿದ್ದಾರೆ. ಮಳೆಗೆ ಕರೆಂಟ್ ಹೋಗಿದೆ, ಲ್ಯಾಪ್‌ಟಾಪ್ ಮುಚ್ಚಿದ್ದಾರೆ. ಟೈಮರ್ ಸರ್ವರಿನಲ್ಲಿದ್ದುದರಿಂದ ಬೆಳಿಗ್ಗೆ 9ರವರೆಗೂ ಓಡಿದೆ. ಕೊನೆಯ ಕಮಿಟ್ 7.35ಕ್ಕೆ, ಟಿಕೆಟ್ಟಿನ ಕೊನೆಯ ಟಿಪ್ಪಣಿ 7.50ಕ್ಕೆ. ಕೆಲಸ ಮಾಡಿದವರನ್ನೇ ಕೂರಿಸಿಕೊಂಡು ಅದನ್ನು `1:30` ಎಂದು ತಿದ್ದಿಸಿದೆ, ಕಾರಣವನ್ನು ಟಿಕೆಟ್ಟಿನಲ್ಲೇ ಬರೆಸಿದೆ. `1.30` ಎಂದು ಬರೆದಿದ್ದರೆ ಅದು ದಶಮಾಂಶವಾಗಿ 1 ಗಂಟೆ 18 ನಿಮಿಷವಾಗುತ್ತಿತ್ತು. ಈ ಚುಕ್ಕೆಯಿಂದ ನಾವು ಎಷ್ಟೋ ಸಲ ನಮ್ಮದೇ ಸಮಯ ಕಳೆದುಕೊಂಡಿದ್ದೇವೆ.

ಬಿಟ್ಟುಹೋದದ್ದೂ ಇತ್ತು. ಗ್ರಾಹಕರೊಂದಿಗಿನ 45 ನಿಮಿಷದ ಕರೆ ಕ್ಯಾಲೆಂಡರಿನಲ್ಲಿತ್ತು, ಟಿಕೆಟ್ಟಿನಲ್ಲಿರಲಿಲ್ಲ. ಸೇರಿಸಿದೆವು. ಅದೇ ವಾರ "ಮೂರು ಗಂಟೆ ಆಗಿರಬೇಕು" ಎಂದ ಇನ್ನೊಂದು ಕೆಲಸಕ್ಕೆ ಕಮಿಟ್ಟೂ ಇಲ್ಲ, ಟಿಪ್ಪಣಿಯೂ ಇಲ್ಲ. ಅದನ್ನು ಬಿಲ್ಲಿಗೆ ಸೇರಿಸಲಿಲ್ಲ.

ಕೆಲವರು ಟಿಕೆಟ್ ಮುಟ್ಟದೆ ಇನ್ವಾಯ್ಸಿನ ಮೊತ್ತವನ್ನಷ್ಟೇ ಇಳಿಸುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ಗ್ರಾಹಕರು ಟಿಕೆಟ್ ತೆರೆದ ದಿನ ಎರಡು ಲೆಕ್ಕ ಕಾಣುತ್ತದೆ, ಯಾವುದು ನಿಜವೆಂದು ಹೇಳಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಇನ್ವಾಯ್ಸ್ ಹೋದ ಮೇಲೆ ತಿದ್ದುವುದು ಇನ್ನೂ ಕಷ್ಟ: ಜಿಎಸ್‌ಟಿ ನೋಂದಣಿ ಇದ್ದವರು ಹೆಚ್ಚಾದ ಮೊತ್ತ ಇಳಿಸಲು ಕ್ರೆಡಿಟ್ ನೋಟ್, ಕಡಿಮೆಯಾದದ್ದನ್ನು ಏರಿಸಲು ಡೆಬಿಟ್ ನೋಟ್ ಕೊಡಬೇಕು.

ನನ್ನ ವಿಧಾನದಲ್ಲೂ ಒಂದು ಕೊರತೆ ಇದೆ. ಕಮಿಟ್ಟನ್ನೇ ಸಾಕ್ಷಿ ಎಂದರೆ ಯೋಚಿಸಿದ ಸಮಯಕ್ಕೆ ಸಾಕ್ಷಿ ಇರುವುದಿಲ್ಲ. ಅರ್ಧ ದಿನ ಲಾಗ್ ಓದಿ ಕೊನೆಗೆ ಒಂದೇ ಸಾಲು ಬದಲಿಸಿದವರ ಗಂಟೆ ನನ್ನ ಕಣ್ಣಿಗೆ ಉಬ್ಬಿದಂತೆ ಕಾಣುತ್ತದೆ. ಬಿಲ್ಲಿಗೆ ಬಾರದ ಆ ಮೂರು ಗಂಟೆಯೂ ಅಂಥದ್ದೇ ಇರಬಹುದು. ಅದಕ್ಕೇ ಈಗ ಸಂಜೆ ಎದ್ದು ಹೋಗುವ ಮುಂಚೆ, ಏನು ಓದಿದೆ, ಯಾವುದು ಕಾರಣವಲ್ಲವೆಂದು ಗೊತ್ತಾಯಿತು ಎಂದು ಟಿಕೆಟ್ಟಿನಲ್ಲಿ ಎರಡು ಸಾಲು ಬರೆಯುತ್ತೇವೆ.