‘ತೆಳು’ವಿನ ಬೆಲೆ: ಸರಕಿನ ವಿವರಣೆಯಲ್ಲಿ ಸಮಾನಾರ್ಥಕ ಪದಗಳ ಆಯ್ಕೆಯನ್ನು ಕುರಿತು

ಸಮಾನಾರ್ಥಕ ಪದಗಳನ್ನು ಹೊಗಳಿಕೆಯವು, ತಟಸ್ಥವಾದವು, ತೆಗಳಿಕೆಯವು ಎಂದು ಮೂರು ಅಂಕಣಗಳಲ್ಲಿ ಬರೆಸುವ ಅಭ್ಯಾಸವು ಇಂಗ್ಲಿಷ್ ಭಾಷಾಬೋಧನೆಯಿಂದ ನಮ್ಮ ತರಗತಿಗಳಿಗೆ ಬಂದಿದೆ. ಸ್ಲೆಂಡರ್, ಥಿನ್, ಸ್ಕಿನಿ ಎಂಬ ಮೂರು ಪದಗಳು ಅದರ ಸಿದ್ಧ ಉದಾಹರಣೆ. ಮೂರರ ವಾಚ್ಯಾರ್ಥ ಒಂದೇ, ಸೂಚ್ಯಾರ್ಥ ಮಾತ್ರ ಬೇರೆ. ಆದುದರಿಂದ ಸರಕನ್ನು ಮಾರಬೇಕಾದವನು ಮೊದಲ ಅಂಕಣದಿಂದ ಪದವನ್ನು ಆರಿಸಿಕೊಂಡರೆ ಸಾಕು ಎಂಬುದು ಈ ವಿಧಾನದ ಗೃಹೀತ. ಈ ಗೃಹೀತವು ಕನ್ನಡಕ್ಕೆ ಒಗ್ಗುವುದಿಲ್ಲವೆಂದು ತೋರಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ. ಸೂಚ್ಯಾರ್ಥದ ಭೇದವೆಂದು ನಾವು ಪಟ್ಟಿಮಾಡುವುದರಲ್ಲಿ ಬಹುಪಾಲು ವಾಚ್ಯಾರ್ಥದ ಭೇದವೇ ಆಗಿದೆ. ಉದಾಹರಣೆಗಳನ್ನು ಮುಖ್ಯವಾಗಿ ವಿಜಯಪುರ ಜಿಲ್ಲೆಯ ತಿಕೋಟಾ ತಾಲೂಕಿನ ಘೋಣಸಗಿಯ ಸುತ್ತಲಿನ, ಮರಾಠಿಯ ನೆರೆಯಲ್ಲಿರುವ ಕನ್ನಡದಿಂದ ಆರಿಸಿಕೊಳ್ಳಲಾಗಿದೆ.

ಮೊದಲು ದೇಹವಾಚಕಗಳನ್ನು ನೋಡಬಹುದು. ಮೂರು ಅಂಕಣಗಳ ವಿಧಾನವು ಅತ್ಯಂತ ಬಲವಾಗಿ ನಿಲ್ಲುವುದು ಇಲ್ಲಿಯೇ. ‘ತೆಳ್ಳಗಿನ’ ಎಂಬುದು ಮೆಚ್ಚಿಗೆಗೆ ಹತ್ತಿರ, ‘ಬಡಕಲು’ ಎಂಬುದು ಸ್ಪಷ್ಟವಾಗಿ ತೆಗಳಿಕೆ. ಆದರೆ ‘ಬಡಕಲು’ ಪದದಲ್ಲಿ ‘ಬಡ’ ಎಂಬ ಅಂಶ ಇಂದಿಗೂ ಕೇಳಿಸುತ್ತದೆ. ಆ ಪದ ದೇಹದ ಅಳತೆಯನ್ನಷ್ಟೇ ಹೇಳದೆ, ಆ ಅಳತೆಗೆ ಕೊರತೆಯೇ ಕಾರಣವೆಂದೂ ಹೇಳುತ್ತದೆ. ‘ಸೊರಗು’ ಎಂಬುದು ಮೊದಲಿದ್ದ ಸ್ಥಿತಿಯಿಂದ ಇಳಿದುದನ್ನು ಹೇಳುತ್ತದೆ. ವಿಜಯಪುರದ ಮಾತಿನಲ್ಲಿ ‘ಸಣ್ಣ ಆಗ್ಯಾನ’ ಎಂದರೆ ಬದಲಾವಣೆಯ ವರದಿ. ‘ಸೊರಗ್ಯಾನ’ ಎಂದರೆ ಅದರೊಂದಿಗೆ ಕಳವಳವೂ ಸೇರಿತು. ಆ ಕಳವಳಕ್ಕೆ ಆಧಾರ ಪದದ ವಾಚ್ಯಾರ್ಥದಲ್ಲಿಯೇ ಇದೆ. ‘ಕೃಶ’ ಪದದ ವರ್ತನೆ ಇನ್ನೂ ಬೋಧಪ್ರದವಾದುದು. ‘ಕೃಶೋದರಿ’ ಕಾವ್ಯದಲ್ಲಿ ಪ್ರಶಂಸೆ. ‘ಕೃಶಕಾಯ’ ಇಂದಿನ ಗದ್ಯದಲ್ಲಿ ರೋಗದ ಅಥವಾ ದೌರ್ಬಲ್ಯದ ಸೂಚನೆ. ಪದವೊಂದೇ ಆಗಿದ್ದರೂ ಬೆಲೆ ಬದಲಾಯಿತು, ಏಕೆಂದರೆ ಸೊಂಟ ತೆಳುವಾಗಿರಬೇಕೆಂಬ ಅಪೇಕ್ಷೆ ಇಡೀ ಮೈಗೆ ಅನ್ವಯಿಸಲಿಲ್ಲ. ‘ಕೃಶ’ವನ್ನು ಯಾವ ಅಂಕಣದಲ್ಲಿ ಬರೆಯಬೇಕೆಂಬ ಪ್ರಶ್ನೆಗೆ ವಿಶೇಷ್ಯವನ್ನು ನೋಡದೆ ಉತ್ತರವಿಲ್ಲ.

ದೇಹದಿಂದ ಸರಕಿಗೆ ಬಂದರೆ ತೊಡಕು ಹೆಚ್ಚುತ್ತದೆ. ಇಂಗ್ಲಿಷಿನ ‘ಥಿನ್’ ಹಾಳೆ, ದಾರ, ದ್ರವ, ನೇಯ್ಗೆ ಎಲ್ಲಕ್ಕೂ ಸಲ್ಲುತ್ತದೆ. ಕನ್ನಡವಾದರೋ ವಸ್ತುವಿನ ಆಕಾರವನ್ನು ಮೊದಲು ಕೇಳುತ್ತದೆ. ಹರಹುಳ್ಳ ವಸ್ತುವಿಗೆ ‘ತೆಳು’: ತೆಳು ಹಾಳೆ, ತೆಳು ಸಿಪ್ಪೆ. ಎಳೆಯಂತಿರುವುದಕ್ಕೆ, ಕಾಳಿಗೆ, ಪುಡಿಗೆ ‘ಸಣ್ಣ’: ಸಣ್ಣ ದಾರ, ಸಣ್ಣ ಶಾವಿಗೆ, ಸಣ್ಣಕ್ಕಿ, ಸಣ್ಣ ರವೆ. ಇವೆಲ್ಲ ಅಂಗಡಿಯಲ್ಲಿ ಮೆಚ್ಚಿಗೆಯ ಮಾತುಗಳೇ. ಆದರೆ ಅದೇ ‘ಸಣ್ಣ’ವನ್ನು ರೊಟ್ಟಿಗೆ ಹಚ್ಚಿದರೆ ರೊಟ್ಟಿಯ ಸುತ್ತಳತೆ ಕಡಿಮೆಯಾಗುತ್ತದೆ, ಕೊಳ್ಳುವವನು ಕೊಟ್ಟ ಹಣಕ್ಕೆ ಕಡಿಮೆ ಬಂತೆಂದು ತಿಳಿಯುತ್ತಾನೆ. ಕರಾವಳಿಯಲ್ಲಿ ಬಳಕೆಯಾಗುವ ‘ಸಪೂರ’ ಮೈಗೂ ಕೋಲಿಗೂ ಒಪ್ಪುತ್ತದೆ, ಹಾಳೆಗೆ ಒಪ್ಪದು. ‘ಸಪೂರ ರೊಟ್ಟಿ’ ಎಂಬುದು ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ, ಅದು ಅಪಪ್ರಯೋಗ.

ದ್ರವಗಳಲ್ಲಿ ‘ತಿಳಿಸಾರು’ ಮತ್ತು ‘ನೀರಾದ ಸಾರು’ ಎರಡೂ ತೆಳುವಾದವೇ. ಮೊದಲನೆಯದು ಅಡುಗೆಯ ಒಂದು ಬಗೆಯ ಹೆಸರು. ತೆಳುವಾಗಿರುವುದು ಅದರ ಧರ್ಮ. ಎರಡನೆಯದು ದಪ್ಪವಾಗಿರಬೇಕಾಗಿದ್ದ ಸಾರು ಕೆಟ್ಟುದನ್ನು ಹೇಳುತ್ತದೆ. ಮರಾಠಿಯಲ್ಲಿಯೂ ‘ಪಾತಳ ಭಾಜಿ’ ಎಂಬುದು ಬಗೆಯ ಹೆಸರಾದುದರಿಂದ ‘ಪಾತಳ’ ಎಂಬ ವಿಶೇಷಣಕ್ಕೆ ಅಲ್ಲಿ ಕುಂದಿಲ್ಲ. ಬಗೆಯ ರೂಢಿಯೇ ಅಳತೆಗೋಲು. ಪದವು ಆ ಗೋಲಿನ ಯಾವ ಕಡೆಗೆ ನಿಂತಿದೆ ಎಂಬುದರಿಂದ ಬೆಲೆ ಹುಟ್ಟುತ್ತದೆ.

ಬಟ್ಟೆಯ ಉದಾಹರಣೆಯಲ್ಲಿ ಈ ಮಾತನ್ನು ಅಳೆದೇ ತೋರಿಸಬಹುದು. ಹತ್ತಿ ಸೀರೆಯೊಂದು ತೆಳುವಾಗಲು ಎರಡು ಕಾರಣಗಳುಂಟು. ನೂಲಿನ ಎಳೆ ಸಣ್ಣದಾಗಿರಬಹುದು. ಇಲ್ಲವೆ ಎಳೆಗಳ ನಡುವಣ ಅಂತರ ಹೆಚ್ಚಿರಬಹುದು. ಮೊದಲನೆಯದಕ್ಕೆ ‘ನವಿರು’, ಎರಡನೆಯದಕ್ಕೆ ‘ಜಾಳು’. ಹತ್ತಿ ನೂಲಿನ ಇಂಗ್ಲಿಷ್ ಎಣಿಕೆಯಲ್ಲಿ ಒಂದು ಪೌಂಡು ತೂಕದ ನೂಲಿನಿಂದ 840 ಗಜದ ಲಡಿಗಳು ಎಷ್ಟು ಬರುತ್ತವೆ ಎಂಬುದೇ ನೂಲಿನ ನಂಬರು. ಆದುದರಿಂದ ನಂಬರು ಏರಿದಷ್ಟೂ ಎಳೆ ಸಣ್ಣದಾಗುತ್ತದೆ: 80ರ ನೂಲು 40ರ ನೂಲಿಗಿಂತ ಸಣ್ಣದು. 80ರ ನೂಲನ್ನು ಒತ್ತಾಗಿ ನೇಯ್ದ ಬಟ್ಟೆಯೂ 40ರ ನೂಲನ್ನು ವಿರಳವಾಗಿ ನೇಯ್ದ ಬಟ್ಟೆಯೂ ಒಂದೇ ತೂಕಕ್ಕೆ ಬರಬಹುದು, ಕೈಗೆ ಎರಡೂ ಹಗುರವೆನಿಸಬಹುದು. ಬೆಳಕಿಗೆ ಹಿಡಿದಾಗ ಎರಡನೆಯದರಲ್ಲಿ ಕಂಡಿಗಳು ಕಾಣುತ್ತವೆ. ಒಂದು ಅಂಗುಲದೊಳಗಿನ ಎಳೆಗಳನ್ನು ಎಣಿಸಿದರೆ ವಾದ ಮುಗಿಯುತ್ತದೆ. ಹೀಗಿರುವಾಗ ‘ನವಿರು’ ಮೊದಲ ಅಂಕಣದ್ದು, ‘ಜಾಳು’ ಮೂರನೆಯದರದ್ದು ಎಂದಷ್ಟೇ ಕಲಿತವನು ಜಾಳು ಬಟ್ಟೆಯನ್ನು ನವಿರು ಎಂದು ಬರೆದರೆ ಅವನು ಮಾಡಿದ್ದು ಶೈಲಿಯ ಆಯ್ಕೆಯಲ್ಲ, ಸುಳ್ಳು ಹೇಳಿಕೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಸರಕನ್ನು ತಪ್ಪಾಗಿ ವರ್ಣಿಸುವ ಜಾಹೀರಾತನ್ನು ದಾರಿತಪ್ಪಿಸುವ ಜಾಹೀರಾತುಗಳಲ್ಲಿ ಸೇರಿಸಿದೆ. ಸಮಾನಾರ್ಥಕಗಳ ಪಟ್ಟಿ ಇಲ್ಲಿ ರಕ್ಷಣೆಗೆ ಬಾರದು.

ಇದರಿಂದ ಒಂದು ಪರೀಕ್ಷೆಯನ್ನು ರೂಪಿಸಬಹುದು. ‘ತೆಳುವಾಗಿದೆ, ಆದರೆ ಜಾಳಲ್ಲ’ ಎಂಬಂಥ ವಾಕ್ಯವನ್ನು ರಚಿಸಿ, ಅದರ ಉತ್ತರಾರ್ಧವನ್ನು ಅಳತೆಯಿಂದಾಗಲಿ ಕಾರಣದಿಂದಾಗಲಿ ಖಂಡಿಸಲು ಸಾಧ್ಯವೇ ಎಂದು ಕೇಳಬೇಕು. ಸಾಧ್ಯವಾದರೆ ಭೇದ ವಾಚ್ಯಾರ್ಥದ್ದು. ಎದುರಾಳಿಯು ‘ಅದು ನಿಮ್ಮ ಅಭಿರುಚಿ’ ಎಂದು ಮಾತ್ರ ಹೇಳಬಹುದಾದರೆ ಭೇದ ಸೂಚ್ಯಾರ್ಥದ್ದು. ‘ನರಪೇತಲ’ದಂಥ ಹಾಸ್ಯದ ಪದಗಳು ಎರಡನೆಯ ಗುಂಪಿಗೆ ಹೆಚ್ಚು ಹತ್ತಿರ. ಪರೀಕ್ಷೆಗೆ ಮಿತಿಯೂ ಇದೆ: ಬಗೆಯ ರೂಢಿಯೇ ಊರಿಂದೂರಿಗೆ ಬೇರೆಯಾಗಿರುವಲ್ಲಿ ಒಂದೂರಿನ ವಾಚ್ಯಭೇದ ಇನ್ನೊಂದರಲ್ಲಿ ಬರೀ ಅಭಿರುಚಿಯೆಂದು ತೋರಬಹುದು.

ಈ ಪರೀಕ್ಷೆಯನ್ನು ಜೋಳದ ಖಡಕ್ ರೊಟ್ಟಿಗೆ ಅನ್ವಯಿಸೋಣ. ಈ ಸೀಮೆಯಲ್ಲಿ ಬಿಳಿಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದಿ, ಕೈಯಿಂದ ಬಡಿದು, ಹಂಚಿನ ಮೇಲೆ ಬೇಯಿಸಿ, ತೇವ ಆರುವಂತೆ ಒಣಗಿಸುತ್ತಾರೆ. ಜೋಳದಲ್ಲಿ ಗೋಧಿಯ ಅಂಟಿಲ್ಲ. ಆದುದರಿಂದ ಅಂಚು ಸೀಳದಂತೆ ತೆಳ್ಳಗೆ ಬಡಿಯುವುದೇ ಕೈಯ ಕಸುಬು. ‘ತೆಳ್ಳಗ ಬಡದಾಳ’ ಎಂಬುದು ಆ ಕಸುಬಿಗೆ ಸಲ್ಲುವ ಹೊಗಳಿಕೆ. ಗುಣಕ್ಕೂ ಅದರ ಸಂಬಂಧವಿದೆ: ದಪ್ಪವಾದ ರೊಟ್ಟಿಯ ನಡುವೆ ತೇವ ಉಳಿದರೆ ಅದು ಬೇಗ ಬೂಸು ಹಿಡಿಯುತ್ತದೆ. ದೂರದೂರಿಗೆ ಕಳಿಸುವ ಪೊಟ್ಟಣದ ಮೇಲೆ ‘ನಾಜೂಕಾದ ರೊಟ್ಟಿ’ ಎಂದು ಬರೆಯುವವರು ಹೊಗಳಿಕೆಯ ಅಂಕಣವನ್ನೇ ನಂಬಿದ್ದಾರೆ. ಆದರೆ ‘ನಾಜೂಕು’ ಎಂಬುದರಲ್ಲಿ ಒಡೆಯುವ ಭಯವೂ ಅಡಗಿದೆ. ಪೊಟ್ಟಣ ಬಿಚ್ಚುವಾಗ ಚೂರು ಸಿಗುವುದೋ ಎಂಬುದೇ ಕೊಳ್ಳುವವನ ಮೊದಲ ಅನುಮಾನ; ಆ ಪದ ಅದನ್ನು ಬಲಪಡಿಸುತ್ತದೆ. ‘ತೆಳ್ಳಗೆ ಬಡಿದು ಪೂರ್ತಿ ಒಣಗಿಸಿದ ರೊಟ್ಟಿ’ ಎಂದರೆ ತೆಳುವಿನ ಕಾರಣವೂ ಪ್ರಯೋಜನವೂ ಒಟ್ಟಿಗೆ ಬಂದವು. ಇಲ್ಲಿರುವ ವಿಶೇಷಣ ತಟಸ್ಥ ಅಂಕಣದ ‘ತೆಳು’ವೇ, ಹೊಗಳಿಕೆಯ ಕೆಲಸವನ್ನು ಕ್ರಿಯಾಪದಗಳು ಮಾಡಿವೆ.

ಆದುದರಿಂದ ಪರ್ಯಾಯಪದಕೋಶಗಳಲ್ಲಿ ‘ತೆಳು’ವಿನ ಸುತ್ತ ಹೊಗಳಿಕೆ-ತೆಗಳಿಕೆಯ ಗುರುತು ಹಾಕುವ ಮೊದಲು ಪ್ರತಿ ಪದದ ಎದುರು ಎರಡು ಸಂಗತಿಗಳನ್ನು ನಮೂದಿಸುವುದು ಲೇಸು: ಅದು ಯಾವ ಆಕಾರದ ವಸ್ತುವಿಗೆ ಸಲ್ಲುತ್ತದೆ, ಮತ್ತು ತೆಳುವಿಗೆ ಯಾವ ಕಾರಣವನ್ನು ಹೇಳುತ್ತದೆ. ಇವೆರಡನ್ನೂ ತುಂಬಿದ ಮೇಲೆ ಮೂರು ಅಂಕಣಗಳಿಗೆ ಉಳಿಯುವ ಪದಗಳು ಕೆಲವೇ.