ಶೇ 42, ಆದರೆ ಯಾವುದರಲ್ಲಿ?

ಬ್ಯಾಟರಾಯನಪುರದಲ್ಲಿ ಮನೆ ಮಾಡಿಕೊಂಡು ಮಾನ್ಯತಾ ಟೆಕ್ ಪಾರ್ಕಿಗೆ ಹೋಗಿಬರುವ ಹುಡುಗ ಹುಡುಗಿಯರ ರೆಸ್ಯೂಮೆಗಳಲ್ಲಿ ‘ಗ್ರಾಹಕರ ದೂರುಗಳನ್ನು ನಿರ್ವಹಿಸುವ ಜವಾಬ್ದಾರಿ’ ಎಂಬರ್ಥದ ಸಾಲು ಸಾಮಾನ್ಯ. ಕೆಲಸವನ್ನು ಚೆನ್ನಾಗಿ ಮಾಡಿದವರೂ ಇದನ್ನೇ ಬರೆಯುತ್ತಾರೆ, ದಿನ ದೂಡಿದವರೂ ಇದನ್ನೇ ಬರೆಯುತ್ತಾರೆ. ಓದುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಇದಕ್ಕೆ ಮದ್ದಾಗಿ ಹೆಚ್ಚು ಪ್ರಚಾರದಲ್ಲಿರುವುದು, ಗೂಗಲ್‌ನ ಎಚ್‌ಆರ್ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2014ರಲ್ಲಿ ಬರೆದ ಸೂತ್ರ. ಏನು ಸಾಧಿಸಿದಿರಿ, ಅದರ ಅಳತೆ ಯಾವುದು, ಏನು ಮಾಡಿ ಸಾಧಿಸಿದಿರಿ, ಈ ಮೂರೂ ಒಂದೇ ಸಾಲಿನಲ್ಲಿ ಬರಬೇಕು.

ಸೂತ್ರ ಗಟ್ಟಿಯಾದದ್ದು. ಆದರೆ ಬಹಳಷ್ಟು ಜನ ಅದರ ನಡುವಿನ ಭಾಗವನ್ನಷ್ಟೇ ಹಿಡಿದುಕೊಂಡು ಪ್ರತಿ ಸಾಲಿಗೂ ಒಂದು ಶೇಕಡಾವಾರು ಅಂಟಿಸುತ್ತಾರೆ. ಅಲ್ಲಿಗೇ ಸಾಲು ಕೆಡುತ್ತದೆ.

ಆರು ಜನರ ಸಪೋರ್ಟ್ ತಂಡದಲ್ಲಿರುವ ಒಬ್ಬಳನ್ನು ಊಹಿಸಿಕೊಳ್ಳೋಣ. ಅವಳು ದಿನಕ್ಕೆ ಸುಮಾರು 40 ಟಿಕೆಟ್ ಮುಗಿಸುತ್ತಾಳೆ. ‘ದಿನಕ್ಕೆ 40 ಟಿಕೆಟ್ ನಿರ್ವಹಣೆ’ ಎಂದು ಬರೆದರೆ ಅಂಕಿ ಬಂತು, ಫಲ ಬರಲಿಲ್ಲ. ಅದು ಅವಳಿಗೆ ಒಪ್ಪಿಸಿದ ಹೊರೆ ಅಷ್ಟೇ. ಅವಳ ತಂಡ ಮುಗಿಸಿದ ಪ್ರತಿ 100 ಟಿಕೆಟ್‌ಗಳಲ್ಲಿ 12 ಮತ್ತೆ ತೆರೆಯುತ್ತಿದ್ದವು, ಆರು ತಿಂಗಳಲ್ಲಿ ಅದು 7ಕ್ಕೆ ಇಳಿಯಿತು. ಇದು ಫಲ. ಈಗ ‘ಮರುದೂರು ಶೇ 42ರಷ್ಟು ಇಳಿಸಿದೆ’ ಎಂದು ಬರೆಯಬಹುದು, ಲೆಕ್ಕವೂ ತಪ್ಪಲ್ಲ: 12ರಲ್ಲಿ 5 ಕಡಿಮೆಯಾದರೆ ಹೆಚ್ಚುಕಡಿಮೆ ಅಷ್ಟೇ. ಆದರೆ ಸಂದರ್ಶನದಲ್ಲಿ ‘ಎಷ್ಟರಿಂದ ಎಷ್ಟಕ್ಕೆ?’ ಎಂದು ಕೇಳಿದ ಕೂಡಲೇ ಆ 42 ಉಬ್ಬಿಸಿದ ಅಂಕಿಯಂತೆ ಕಾಣುತ್ತದೆ. ಆರು ಜನರ ದುಡಿಮೆಯನ್ನು ಒಬ್ಬಳೇ ಹೇಳಿಕೊಂಡಂತೆಯೂ ಆಗುತ್ತದೆ.

ನನಗೆ ಸರಿ ಅನಿಸುವ ಸಾಲು ಇದು: ‘ಪದೇ ಪದೇ ಬರುತ್ತಿದ್ದ ಎಂಟು ಬಗೆಯ ದೂರುಗಳಿಗೆ ಹಂತ ಹಂತದ ಉತ್ತರ ಬರೆದುಕೊಟ್ಟೆ, ಆರು ಜನರ ತಂಡ ಅದನ್ನು ಬಳಸಿದ ಆರು ತಿಂಗಳಲ್ಲಿ ಮರುದೂರು 100ಕ್ಕೆ 12ರಿಂದ 7ಕ್ಕೆ ಇಳಿಯಿತು.’ ಕೊಂಚ ಉದ್ದವಾಯಿತು, ನಿಜ. ಆದರೆ ಅವಳ ಪಾಲು ಯಾವುದು, ತಂಡದ್ದು ಯಾವುದು ಎಂಬುದು ಇಲ್ಲಿ ಬೇರೆಬೇರೆಯಾಗಿ ಕಾಣುತ್ತದೆ. ಕೇಳುವವರಿಗೆ ಮುಂದಿನ ಪ್ರಶ್ನೆಯೂ ಸಿಗುತ್ತದೆ: ಆ ಎಂಟನ್ನು ಹೇಗೆ ಆರಿಸಿದಿರಿ? ಸ್ವತಃ ಕೆಲಸ ಮಾಡಿದವರು ಇದಕ್ಕೆ ಹತ್ತು ನಿಮಿಷ ಮಾತಾಡಬಲ್ಲರು. ಅಂಕಿಯನ್ನು ಎಲ್ಲಿಂದಲೋ ತಂದವರು ಎರಡನೇ ವಾಕ್ಯಕ್ಕೇ ನಿಲ್ಲುತ್ತಾರೆ.

ಎಲ್ಲ ಕೆಲಸಕ್ಕೂ ಇಂಥ ಅಳತೆ ಸಿಗುವುದಿಲ್ಲ. ರಾತ್ರಿ ಪಾಳಿಯಲ್ಲಿ ಸರ್ವರ್ ಕಾಯುವವರ ಯಶಸ್ಸೆಂದರೆ ಏನೂ ಆಗದಿರುವುದು. ಅಲ್ಲಿ ಸುಳ್ಳು ಶೇಕಡಾವಾರು ಹುಟ್ಟಿಸುವುದಕ್ಕಿಂತ ಎಷ್ಟು ಸರ್ವರ್, ಎಷ್ಟು ಜನರ ಪಾಳಿ, ಕೆಟ್ಟಾಗ ಮೊದಲು ಯಾರಿಗೆ ಕರೆ ಹೋಗುತ್ತಿತ್ತು ಎಂದು ಬರೆಯುವುದೇ ಮೇಲು. ಕ್ಲೈಂಟಿನ ಅಂಕಿಗಳನ್ನು ಹೊರಗೆ ಹೇಳಬಾರದೆಂಬ ಕರಾರಿದ್ದರೆ ಹೆಸರನ್ನೂ ನಿಖರ ಮೊತ್ತವನ್ನೂ ಬಿಟ್ಟು, ಮಾಡಿದ ಬದಲಾವಣೆಯನ್ನಷ್ಟೇ ಬರೆಯಬೇಕು. ಉಳಿದವರು ಅಪ್ರೈಸಲ್ ಹೊತ್ತಿಗೇ ಹಿಂದಿನ ಸ್ಥಿತಿ, ಈಗಿನ ಸ್ಥಿತಿ ಎರಡನ್ನೂ ಗುರುತು ಹಾಕಿಕೊಂಡಿರಬೇಕು. ರಾಜೀನಾಮೆ ಕೊಟ್ಟು ಲಾಗಿನ್ ಮುಚ್ಚಿದ ಮೇಲೆ ಆ 12 ಎಷ್ಟಿತ್ತೆಂದು ನೋಡಲು ದಾರಿಯಿರುವುದಿಲ್ಲ.