ಶೇಕಡಾ 1.3ರಲ್ಲಿ ಸೇರದವರು

ಕೂದಲು ಉದುರುವವರಿಗೆ ಕೊಡುವ ಕಡಿಮೆ ಪ್ರಮಾಣದ ಮಿನಾಕ್ಸಿಡಿಲ್ ಮಾತ್ರೆ ಒಳ್ಳೆಯ ಮದ್ದು. ಆದರೆ ‘ಏನೂ ಅಪಾಯವಿಲ್ಲ’ ಎಂದು ಅದು ಗಳಿಸಿರುವ ಹೆಸರು ಅದರ ಯೋಗ್ಯತೆಯನ್ನು ಮೀರಿದ್ದು. ಆ ಹೆಸರಿನ ಬುಡದಲ್ಲಿರುವುದು 2021ರಲ್ಲಿ ಸ್ಪೇನಿನ ವಾನ್ಯೊ-ಗಲ್ವಾನ್ ಮತ್ತು ಸಂಗಡಿಗರು ಪ್ರಕಟಿಸಿದ 1404 ಜನರ ಅಧ್ಯಯನ. ಮೈಯಲ್ಲಿ ನೀರು ನಿಂತದ್ದು ಶೇಕಡಾ 1.3 ಜನರಿಗೆ, ಎದೆಬಡಿತ ಏರಿದ್ದು ಶೇಕಡಾ 0.9 ಜನರಿಗೆ ಎಂಬ ಅದರ ಲೆಕ್ಕವನ್ನು ಎಲ್ಲರೂ ಉದ್ಧರಿಸುತ್ತಾರೆ.

ಆ ಲೆಕ್ಕದೊಳಗೆ ಯಾರಿದ್ದಾರೆ? ಹಳೆಯ ಕಡತಗಳಿಂದ ಆರಿಸಿದ, ಕನಿಷ್ಠ ಮೂರು ತಿಂಗಳು ಮಾತ್ರೆ ನುಂಗಿದವರು. ಕಾಲು ಊದುವುದು ಹೆಚ್ಚಾಗಿ ಮೊದಲ ವಾರಗಳಲ್ಲೇ. ಊದಿತೆಂದು ಒಂದೇ ತಿಂಗಳಿಗೆ ಬಿಟ್ಟವರು ಈ ಎಣಿಕೆಯಿಂದ ಜಾರಿಹೋಗಿರಬಹುದು. ಹೃದ್ರೋಗಿಗಳಿಗೆ ವೈದ್ಯರು ಮೊದಲೇ ಈ ಮಾತ್ರೆ ಬರೆದುಕೊಡದಿದ್ದರೆ ಅವರೂ ಹೊರಗೆ. ಹಾಗಾಗಿ ಶೇಕಡಾ 1.3 ಎನ್ನುವುದು ಮದ್ದು ಒಗ್ಗಿದವರ ಅನುಭವವೇ ಹೊರತು ನಿಮಗೆ ಒಗ್ಗುತ್ತದೆ ಎನ್ನುವ ಭರವಸೆಯಲ್ಲ.

ಮಿನಾಕ್ಸಿಡಿಲ್ ಹುಟ್ಟಿದ್ದೇ ರಕ್ತದೊತ್ತಡದ ಮದ್ದಾಗಿ. ಅಮೆರಿಕದಲ್ಲಿ 1979ರಲ್ಲಿ ಅನುಮತಿ ಸಿಕ್ಕಿತು. ಅದು ಸಣ್ಣ ಅಪಧಮನಿಗಳನ್ನು ಸಡಿಲಿಸುತ್ತದೆ. ಒತ್ತಡ ಇಳಿದೊಡನೆ ಹೃದಯ ಜೋರಾಗಿ ಬಡಿಯುತ್ತದೆ, ಮೂತ್ರಪಿಂಡ ಉಪ್ಪು, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗ ದಿನಕ್ಕೆ 10ರಿಂದ 40 ಮಿಲಿಗ್ರಾಂ ಕೊಡುತ್ತಿದ್ದರು; ಕೂದಲಿಗೆ 0.25ರಿಂದ 5 ಮಿಲಿಗ್ರಾಂ. ಪ್ರಮಾಣ ಇಳಿದಿದೆ, ಕೆಲಸದ ದಾರಿ ಬದಲಾಗಿಲ್ಲ.

48ರ ಮಹಿಳೆಯೊಬ್ಬರು ಎಂದುಕೊಳ್ಳಿ. ಬಿಪಿಗೆ ಅಮ್ಲೋಡಿಪಿನ್ ನುಂಗುತ್ತಾರೆ. 2.5 ಮಿಲಿಗ್ರಾಂ ಮಾತ್ರೆಯನ್ನು ಅರ್ಧ ಮಾಡಿ ಶುರುಮಾಡಿದ ಮೂರನೇ ವಾರಕ್ಕೆ ಪಾದ ಊದಿತು. ಅಮ್ಲೋಡಿಪಿನ್‌ನಿಂದಲೂ ಪಾದ ಊದುತ್ತದೆ, ಆದರೆ ಸಾಮಾನ್ಯವಾಗಿ ತೂಕ ಏರುವುದಿಲ್ಲ. ತಕ್ಕಡಿ ಎರಡು ಕಿಲೋ ಹೆಚ್ಚು ತೋರಿಸಿದರೆ, ಕೂತಲ್ಲಿನ ನಾಡಿ 72ರಿಂದ 94ಕ್ಕೆ ಏರಿದ್ದರೆ, ಸಂಶಯ ಮೊದಲು ಮಿನಾಕ್ಸಿಡಿಲ್ ಮೇಲೆ ಬೀಳಬೇಕು. ಮಾತ್ರೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಎದೆನೋವು, ಉಬ್ಬಸ, ತಲೆಸುತ್ತು ಬಂದರೆ ಅದೇ ದಿನ ಆಸ್ಪತ್ರೆ. ಶುರುಮಾಡುವ ಮುನ್ನ ತೂಕ, ನಾಡಿ, ಬಿಪಿ ಬರೆದಿಟ್ಟುಕೊಳ್ಳದಿದ್ದರೆ ಈ ಹೋಲಿಕೆಯೇ ಸಾಧ್ಯವಿಲ್ಲ.

ಎಲ್ಲರಿಗೂ ಇಸಿಜಿ, ಎಕೋ ಬೇಕೆನ್ನುವವರೊಂದಿಗೂ ನನಗೆ ಜಗಳವಿದೆ. ಆರೋಗ್ಯವಂತ ಯುವಕನಿಗೆ ಅದು ದಂಡ. ಸಂಧಿವಾತ ಜ್ವರದಿಂದ ಕವಾಟ ಕಿರಿದಾದವರು, ಹೃದಯ ಸೋತವರು, ಹೃದಯದ ಸುತ್ತ ನೀರು ತುಂಬಿದ್ದವರು, ಮೂತ್ರಪಿಂಡ ಕೆಟ್ಟವರು ಎಂದರೆ ಮಾತೇ ಬೇರೆ: ಹೃದ್ರೋಗ ತಜ್ಞರ ಒಪ್ಪಿಗೆಯಿಲ್ಲದೆ ಮುಟ್ಟಬಾರದು. ಬಸುರಿ, ಬಾಣಂತಿಯರಿಗಂತೂ ಬೇಡ.

ಹಾಗಾದರೆ ಯಾರಿಗೆ? 2024ರ ಬ್ರೆಜಿಲ್ ಪ್ರಯೋಗದಲ್ಲಿ ಗಂಡಸರು ದಿನಾ 5 ಮಿಲಿಗ್ರಾಂ ನುಂಗಿದ್ದು, ದಿನಕ್ಕೆರಡು ಬಾರಿ ಶೇಕಡಾ 5ರ ದ್ರಾವಣ ಹಚ್ಚಿದ್ದಕ್ಕಿಂತ ಮೇಲು ಎನ್ನಿಸಲಿಲ್ಲ. ಹಚ್ಚಿದರೆ ನೆತ್ತಿ ಉರಿಯುವವರಿಗೆ, ದಿನಾ ಹಚ್ಚಲಾಗದವರಿಗೆ ಮಾತ್ರೆ ಸರಿ. ಹಚ್ಚಿ ಗುಣ ಕಾಣುತ್ತಿರುವವರು ನುಂಗಲು ಕಾರಣವಿಲ್ಲ.